ದುರಸ್ತಿ ಕಾರ್ಯಾಗಾರದಲ್ಲಿ ಒಂದು ಗಂಟೆಯ ಕೆಲಸದ ನಿಜವಾದ ವೆಚ್ಚ

ಯಂತ್ರಗಳ ದುರಸ್ತಿಯನ್ನು ವೃತ್ತಿಯಾಗಿ ನಡೆಸುವ ಕಾರ್ಯಾಗಾರವು ಗಿರಾಕಿಗೆ ಕೊಡುವ ಬಿಲ್ಲಿನಲ್ಲಿ ಸಾಮಾನ್ಯವಾಗಿ ಎರಡು ಬಾಬುಗಳಿರುತ್ತವೆ. ಒಂದು, ಹಾಕಿದ ಬಿಡಿಭಾಗಗಳ ಬೆಲೆ. ಇನ್ನೊಂದು, ಕೆಲಸದ ಕೂಲಿ. ಬಿಡಿಭಾಗಗಳ ಬೆಲೆಗೆ ಖರೀದಿಯ ರಸೀದಿ ಆಧಾರವಾಗಿರುವುದರಿಂದ ಅಲ್ಲಿ ತಪ್ಪಾಗುವುದು ಅಪರೂಪ. ಕೂಲಿಯ ಬಾಬಿಗೆ ಅಂತಹ ರಸೀದಿ ಯಾವುದೂ ಇಲ್ಲ. ಕೆಲಸಗಾರನ ತಿಂಗಳ ಸಂಬಳವನ್ನು 26 ದಿನಗಳಿಂದಲೂ ಎಂಟು ಗಂಟೆಗಳಿಂದಲೂ ಭಾಗಿಸಿ, ಬಂದ ಮೊತ್ತಕ್ಕೆ ಅಂದಾಜಿನಿಂದ ಎರಡರಷ್ಟೋ ಮೂರರಷ್ಟೋ ಸೇರಿಸಿ ದರವನ್ನು ಹೇಳುವ ರೂಢಿ ಅನೇಕ ಕಡೆಗಳಲ್ಲಿ ಇದೆ. ವರ್ಷವಿಡೀ ಕೈತುಂಬ ಕೆಲಸವಿದ್ದರೂ ದೀಪಾವಳಿಯ ಬೋನಸ್ಸಿಗೆ ಸಾಲ ಮಾಡಬೇಕಾಗಿ ಬರುವ ಕಾರ್ಯಾಗಾರಗಳಲ್ಲಿ ದೋಷವು ಬಹುಮಟ್ಟಿಗೆ ಈ ರೂಢಿಯಲ್ಲಿಯೇ ಅಡಗಿರುತ್ತದೆ.

ಪುಣೆಯ ಆಸುಪಾಸಿನ ಕೈಗಾರಿಕಾ ಪ್ರದೇಶವು ಈ ವಿಷಯವನ್ನು ಪರಿಶೀಲಿಸಲು ತಕ್ಕ ಸ್ಥಳ. 1946ರಲ್ಲಿ ಖಡಕಿಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಪ್ರಾರಂಭವಾಯಿತು. 1960ರ ದಶಕದಲ್ಲಿ ಪಿಂಪ್ರಿಯಲ್ಲಿ ಟೆಲ್ಕೊ, ಆಕುರ್ಡಿಯಲ್ಲಿ ಬಜಾಜ್ ಆಟೊ ಬಂದವು. ಈ ದೊಡ್ಡ ಕಾರ್ಖಾನೆಗಳಿಗೂ ಅವುಗಳಿಗೆ ಭಾಗಗಳನ್ನು ಒದಗಿಸುವ ಸಣ್ಣ ಘಟಕಗಳಿಗೂ ಪಂಪು, ಗೇರ್ ಪೆಟ್ಟಿಗೆ, ಮೋಟಾರುಗಳನ್ನು ಸರಿಪಡಿಸಿಕೊಡುವ ಕಾರ್ಯಾಗಾರಗಳು ಭೋಸರಿ, ಚಿಂಚವಾಡ, ಚಾಕಣಗಳಲ್ಲಿ ಬೆಳೆದಿವೆ. ಬೆಳಗಾವಿ, ವಿಜಯಪುರ, ಕಲಬುರಗಿ ಜಿಲ್ಲೆಗಳಿಂದ ಹೋಗಿ ಅಲ್ಲಿ ನೆಲಸಿದ ಕನ್ನಡಿಗರು ಈ ಪ್ರದೇಶಕ್ಕೆ ಹೊಸಬರಲ್ಲ. ಕಿರ್ಲೋಸ್ಕರ್ ಉದ್ಯಮದ ಮೂಲಪುರುಷರಾದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಬೆಳಗಾವಿಯ ಒಂದು ಸೈಕಲ್ ಅಂಗಡಿಯಿಂದ ಅವರ ವ್ಯವಹಾರ ಆರಂಭವಾಯಿತೆಂಬುದು ಇಲ್ಲಿ ಪ್ರಾಸಂಗಿಕವಾಗಿ ನೆನೆಯತಕ್ಕದ್ದು.

ಲೆಕ್ಕವನ್ನು ಸ್ಪಷ್ಟಪಡಿಸಲು ಭೋಸರಿಯಲ್ಲಿ 22 ಜನ ಕೆಲಸ ಮಾಡುವ ಒಂದು ಕಾರ್ಯಾಗಾರವನ್ನು ಕಲ್ಪಿಸಿಕೊಳ್ಳೋಣ. ಇವರಲ್ಲಿ 12 ಮಂದಿ ಫಿಟ್ಟರುಗಳು. ಗಿರಾಕಿಗೆ ಬಿಲ್ಲು ಮಾಡುವುದು ಇವರ ಗಂಟೆಗಳನ್ನು ಮಾತ್ರ. ಉಳಿದ 10 ಮಂದಿ ಸಹಾಯಕರು, ಮೇಲ್ವಿಚಾರಕ, ಉಗ್ರಾಣದವನು, ಗುಮಾಸ್ತ, ಚಾಲಕ, ಕಾವಲುಗಾರ ಇತ್ಯಾದಿ. ಒಬ್ಬ ಫಿಟ್ಟರಿನ ಮೂಲವೇತನ ಮತ್ತು ತುಟ್ಟಿಭತ್ಯೆ ಕೂಡಿ ತಿಂಗಳಿಗೆ 18,000 ರೂಪಾಯಿ ಎಂದಿಟ್ಟುಕೊಳ್ಳೋಣ. ಬೇರೆ ಭತ್ಯೆಗಳಿಲ್ಲ. ಈ ಸಂಬಳ ಉದಾಹರಣೆಗಾಗಿ ತೆಗೆದುಕೊಂಡದ್ದು. ವಾಚಕರು ತಮ್ಮ ಅಂಕಿಗಳನ್ನು ಇದರ ಸ್ಥಾನದಲ್ಲಿ ಇಟ್ಟು ನೋಡಬಹುದು. ರೂಢಿಯ ಲೆಕ್ಕದಂತೆ ಇವನ ಒಂದು ಗಂಟೆಯ ಬೆಲೆ 18,000ವನ್ನು 208ರಿಂದ ಭಾಗಿಸಿದರೆ ಸುಮಾರು 87 ರೂಪಾಯಿ ಆಗುತ್ತದೆ.

ಮಾಲೀಕನು ನಿಜವಾಗಿ ಕೊಡುವುದೆಷ್ಟು?

ಸಂಬಳದ ಹೊರತಾಗಿ ಮಾಲೀಕನ ಮೇಲೆ ಬೀಳುವ ಮೊದಲ ಹೊಣೆ ಭವಿಷ್ಯ ನಿಧಿ. 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಇದು ಅನ್ವಯಿಸುತ್ತದೆ. ಮಾಲೀಕನ ವಂತಿಗೆ ವೇತನದ ಶೇಕಡಾ 12. ಅದರ ಜೊತೆಗೆ ಠೇವಣಿಗೆ ಜೋಡಿಸಿದ ಜೀವವಿಮೆಗೆ ಶೇಕಡಾ ಅರ್ಧ, ಆಡಳಿತ ವೆಚ್ಚಕ್ಕೆ ಶೇಕಡಾ ಅರ್ಧ, ಒಟ್ಟು ಶೇಕಡಾ 13. ಕಡ್ಡಾಯ ವಂತಿಗೆಗೆ 2014ರ ಸೆಪ್ಟೆಂಬರಿನಲ್ಲಿ ಗೊತ್ತುಪಡಿಸಿದ ವೇತನ ಮಿತಿ 15,000 ರೂಪಾಯಿ. ನಮ್ಮ ಮಾಲೀಕನು ಆ ಮಿತಿಯ ಮೇಲೆಯೇ ವಂತಿಗೆ ಕಟ್ಟುತ್ತಾನೆಂದರೆ ತಿಂಗಳಿಗೆ 1,950 ರೂಪಾಯಿ ಆಗುತ್ತದೆ.

ಎರಡನೆಯದು ನೌಕರರ ರಾಜ್ಯ ವಿಮೆ. 2019ರ ಜುಲೈ 1ರಿಂದ ಮಾಲೀಕನ ಪಾಲು ಶೇಕಡಾ 3.25, ನೌಕರನ ಪಾಲು ಶೇಕಡಾ 0.75. ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವವರು ಇದರ ವ್ಯಾಪ್ತಿಗೆ ಬರುತ್ತಾರೆ. 18,000ಕ್ಕೆ ಮಾಲೀಕನ ಪಾಲು 585 ರೂಪಾಯಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಭವಿಷ್ಯ ನಿಧಿಗೂ ರಾಜ್ಯ ವಿಮೆಗೂ ನೌಕರನ ಪಾಲನ್ನು ಅವನ ಸಂಬಳದಿಂದಲೇ ಕಡಿತ ಮಾಡಲಾಗುತ್ತದೆ. ಅದು 18,000ದ ಒಳಗೇ ಇದೆ. ಚಲನ್ನಿನಲ್ಲಿ ಎರಡು ಪಾಲುಗಳೂ ಒಟ್ಟಿಗೆ ಕಾಣುವುದರಿಂದ ಪೂರ್ತಿ ಮೊತ್ತವನ್ನು ವೆಚ್ಚವೆಂದು ಬರೆಯುವವರುಂಟು. ಆಗ ನೌಕರನ ಪಾಲು ಎರಡು ಸಲ ಎಣಿಕೆಗೆ ಬರುತ್ತದೆ. ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ನೌಕರನ ಕೈಗೆ ಹೋಗುವ ಮೊತ್ತವನ್ನೇ ಸಂಬಳವೆಂದು ಹಿಡಿದರೆ ಲೆಕ್ಕವು ಮೊದಲ ಹೆಜ್ಜೆಯಲ್ಲಿಯೇ ಕುಗ್ಗುತ್ತದೆ.

ಮೂರನೆಯದು ಬೋನಸ್ಸು. ಕಾನೂನಿನ ಕನಿಷ್ಠ ಪ್ರಮಾಣವಾದ ಶೇಕಡಾ 8.33 ಎಂದರೆ ವರ್ಷದ ಹನ್ನೆರಡನೆಯ ಒಂದು ಭಾಗ. ನಮ್ಮ ಕಾರ್ಯಾಗಾರವು ದೀಪಾವಳಿಗೆ ಒಂದು ತಿಂಗಳ ಪೂರ್ಣ ಸಂಬಳವನ್ನು ಕೊಡುತ್ತದೆ ಎಂದುಕೊಳ್ಳೋಣ. ನಾಲ್ಕನೆಯದು ಗ್ರಾಚ್ಯುಟಿ. ಒಂದೊಂದು ವರ್ಷದ ಸೇವೆಗೆ 15 ದಿನಗಳ ವೇತನ, ತಿಂಗಳನ್ನು 26 ದಿನಗಳೆಂದು ಎಣಿಸಿ ಕೊಡತಕ್ಕದ್ದು. 18,000ವನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿದರೆ 10,385 ರೂಪಾಯಿ. ಕಾಯಂ ನೌಕರನಿಗೆ ಸಾಮಾನ್ಯವಾಗಿ ಐದು ವರ್ಷ ತುಂಬಿದ ಮೇಲೆ ಈ ಹಕ್ಕು ಬರುತ್ತದೆಯಾದರೂ ವೆಚ್ಚವು ಮೊದಲ ವರ್ಷದಿಂದಲೇ ಕೂಡುತ್ತಾ ಹೋಗುತ್ತದೆ. ಸಮವಸ್ತ್ರ, ಸುರಕ್ಷಾ ಬೂಟು, ದಿನದ ಚಹ ಇವಕ್ಕೆಲ್ಲ ವರ್ಷಕ್ಕೆ 7,500 ರೂಪಾಯಿ ಇಟ್ಟುಕೊಂಡರೆ ಒಬ್ಬ ಫಿಟ್ಟರಿನ ವಾರ್ಷಿಕ ವೆಚ್ಚ ಹೀಗಾಗುತ್ತದೆ:

ಸಂಬಳ, 12 ತಿಂಗಳು: 2,16,000 ರೂ.
ಭವಿಷ್ಯ ನಿಧಿ, ಮಾಲೀಕನ ಪಾಲು: 23,400 ರೂ.
ರಾಜ್ಯ ವಿಮೆ, ಮಾಲೀಕನ ಪಾಲು: 7,020 ರೂ.
ಬೋನಸ್ಸು: 18,000 ರೂ.
ಗ್ರಾಚ್ಯುಟಿಗೆ ತೆಗೆದಿಡುವ ಹಣ: 10,385 ರೂ.
ಸಮವಸ್ತ್ರ, ಬೂಟು, ಚಹ: 7,500 ರೂ.
ಒಟ್ಟು: 2,82,305 ರೂ.

ಸಂಬಳವನ್ನು 100 ರೂಪಾಯಿ ಎಂದರೆ ವೆಚ್ಚ ಸುಮಾರು 131 ರೂಪಾಯಿ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಈ ಲೆಕ್ಕದಲ್ಲಿ ಇನ್ನೊಂದು ಅಂಶ ಮುಖ್ಯವಾಗಿದೆ. ಮೂಲವೇತನವನ್ನು ಚಿಕ್ಕದಾಗಿಸಿ ಉಳಿದುದನ್ನು ಬಗೆಬಗೆಯ ಭತ್ಯೆಗಳೆಂದು ತೋರಿಸುವ ಪದ್ಧತಿ ಹಿಂದೆ ಇತ್ತು. ಈಗ, ವೇತನದ ಹೊರಗಿಟ್ಟ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನು ವೇತನಕ್ಕೇ ಸೇರಿಸಿ ಲೆಕ್ಕ ಹಾಕಬೇಕು. ಅಂತಹ ಕಾರ್ಯಾಗಾರಗಳಲ್ಲಿ ಗ್ರಾಚ್ಯುಟಿಯ ಹೊರೆ ಏರುತ್ತದೆ. ನಿಗದಿತ ಅವಧಿಗೆ ನೇಮಿಸಿಕೊಂಡ ಕೆಲಸಗಾರನಿಗೆ ಒಂದು ವರ್ಷದ ಸೇವೆಯ ನಂತರವೇ ಗ್ರಾಚ್ಯುಟಿ ಸಲ್ಲುತ್ತದೆ ಎಂಬುದನ್ನೂ ಗಮನಿಸಬೇಕು.

ಮಾರಲು ಸಿಗುವ ಗಂಟೆಗಳೆಷ್ಟು?

ವೆಚ್ಚವನ್ನು ಯಾವ ಸಂಖ್ಯೆಯಿಂದ ಭಾಗಿಸಬೇಕು ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. ವರ್ಷದ 365 ದಿನಗಳಲ್ಲಿ 52 ವಾರದ ರಜೆಗಳು ಹೋದರೆ 313 ದಿನಗಳು ಉಳಿಯುತ್ತವೆ. ಗಣರಾಜ್ಯೋತ್ಸವ, ಮೇ 1ರ ಮಹಾರಾಷ್ಟ್ರ ದಿನ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ಗಣೇಶ ಚತುರ್ಥಿ, ದೀಪಾವಳಿ ಮುಂತಾಗಿ 8 ದಿನಗಳ ಸಂಬಳಸಹಿತ ರಜೆ ಕಳೆದರೆ 305. ದುಡಿದ ಪ್ರತಿ 20 ದಿನಗಳಿಗೆ ಒಂದರಂತೆ ಬರುವ ಗಳಿಕೆ ರಜೆ 14, ಸಾಂದರ್ಭಿಕ ರಜೆ 7. ಇವನ್ನೂ ಕಳೆದರೆ ಫಿಟ್ಟರು ಕಾರ್ಯಾಗಾರದಲ್ಲಿ ಹಾಜರಿರುವುದು 284 ದಿನ; ದಿನಕ್ಕೆ ಎಂಟು ಗಂಟೆಯಂತೆ 2,272 ಗಂಟೆಗಳು. ರಾಜ್ಯ ವಿಮೆಯಿಂದ ಕಾಯಿಲೆ ಭತ್ಯೆ ಪಡೆದು, ಮಾಲೀಕನಿಂದ ಸಂಬಳ ಪಡೆಯದೆ ಗೈರುಹಾಜರಾದ ದಿನಗಳನ್ನು ಇದರಲ್ಲಿ ಸೇರಿಸಬೇಕಾಗಿಲ್ಲ. ಆ ದಿನಗಳಲ್ಲಿ ಗಂಟೆಯೂ ಇಲ್ಲ, ಸಂಬಳವೂ ಇಲ್ಲ.

ಹಾಜರಾತಿಯ ಗಂಟೆಗಳೆಲ್ಲವೂ ಬಿಲ್ಲಿಗೆ ಬರುವುದಿಲ್ಲ. ಇದನ್ನು ಊಹೆಯಿಂದ ತಿಳಿಯಲಾಗದು. ಜಾಬ್ ಕಾರ್ಡ್ ಬರೆಯಿಸಲೇಬೇಕು. ನಮ್ಮ ಕಾರ್ಯಾಗಾರದ ಒಬ್ಬ ಫಿಟ್ಟರಿನ ಒಂದು ತಿಂಗಳ ಕಾರ್ಡುಗಳನ್ನು ಕೂಡಿಸಿದಾಗ 24 ದಿನಗಳ 192 ಗಂಟೆಗಳು ಹೀಗೆ ಹಂಚಿಕೆಯಾಗಿದ್ದುವು ಎಂದುಕೊಳ್ಳೋಣ. ಬಿಲ್ಲಿಗೆ ಬಂದ ಕೆಲಸ 125 ಗಂಟೆ. ಚಹ, ಉಪಕರಣ ತೆಗೆದಿಡುವುದು ಮತ್ತು ಶುಚಿಗೊಳಿಸುವುದು 18. ಬೇರಿಂಗು, ಆಯಿಲ್ ಸೀಲು ಬರುವವರೆಗೆ ಕಾದದ್ದು 12. ಚಾಕಣದಂತಹ ಕಡೆಗೆ ಪ್ರಯಾಣ ಮತ್ತು ಕಾರ್ಖಾನೆಯ ಬಾಗಿಲಿನಲ್ಲಿ ಗೇಟ್ ಪಾಸಿಗಾಗಿ ನಿಂತದ್ದು 16. ಹಿಂದೆ ಮಾಡಿದ ಕೆಲಸ ಖಾತರಿ ಅವಧಿಯಲ್ಲಿ ಮರಳಿ ಬಂದು ಪುನಃ ಮಾಡಿದ್ದು 7. ಯಂತ್ರವನ್ನು ಬಿಚ್ಚಿ ಅಂದಾಜು ಕೊಟ್ಟ ಮೇಲೆ ಗಿರಾಕಿ ಒಪ್ಪದೆ ಹೋದದ್ದು 6. ಕೆಲಸವಿಲ್ಲದೆ ಕುಳಿತದ್ದು 8. ಬಿಲ್ಲಿಗೆ ಬಂದ ಪ್ರಮಾಣ ಶೇಕಡಾ 65.

ಈ ವಿಭಾಗಗಳಲ್ಲಿ ಮಾಲೀಕರು ಸಾಮಾನ್ಯವಾಗಿ ಮರೆಯುವುದು ಒಪ್ಪಿಗೆಯಾಗದ ಅಂದಾಜಿನ ಗಂಟೆಗಳನ್ನು. ಗೇರ್ ಪೆಟ್ಟಿಗೆಯನ್ನು ಬಿಚ್ಚದೆ ಅದರ ದೋಷವನ್ನು ಹೇಳಲಾಗುವುದಿಲ್ಲ. ಬಿಚ್ಚಿದ ಮೇಲೆ ಗಿರಾಕಿ ಹೊಸದನ್ನೇ ಕೊಳ್ಳುತ್ತೇನೆಂದರೆ ಅರ್ಧ ದಿನ ವ್ಯರ್ಥವಾದಂತೆ. ಪರೀಕ್ಷಾ ಶುಲ್ಕವೆಂದು ಪ್ರತ್ಯೇಕವಾಗಿ ಪಡೆದು, ಕೆಲಸ ಒಪ್ಪಿದರೆ ಅದನ್ನು ಬಿಲ್ಲಿನಲ್ಲಿ ಕಳೆಯುವ ಕ್ರಮವು ಹೆಚ್ಚು ನ್ಯಾಯವಾದದ್ದು. ಹಾಗಿಲ್ಲದಿದ್ದರೆ ದುರಸ್ತಿಗೆ ಒಪ್ಪಿದ ಗಿರಾಕಿಯು ಒಪ್ಪದವನ ಖರ್ಚನ್ನೂ ಹೊರಬೇಕಾಗುತ್ತದೆ.

ವರ್ಷದ 2,272 ಗಂಟೆಗಳಿಗೆ ಶೇಕಡಾ 65ರಂತೆ ಮಾರಲು ಸಿಗುವುದು 1,477 ಗಂಟೆಗಳು. 2,82,305 ರೂಪಾಯಿಯನ್ನು ಇದರಿಂದ ಭಾಗಿಸಿದರೆ ಗಂಟೆಗೆ 191 ರೂಪಾಯಿ ಬರುತ್ತದೆ. ರೂಢಿಯ ಲೆಕ್ಕದ 87 ರೂಪಾಯಿಗೆ ಇದು ಎರಡರಷ್ಟಕ್ಕಿಂತಲೂ ಹೆಚ್ಚು.

ಏರಿಕೆಯು ಎಲ್ಲಿಂದ ಬಂದಿತೆಂಬುದನ್ನು ಹಂತಹಂತವಾಗಿ ನೋಡಬಹುದು. ಸಂಬಳದ ಬದಲು ಪೂರ್ಣ ವೆಚ್ಚವನ್ನು ಹಿಡಿದಾಗ 87 ರೂಪಾಯಿ 113 ಆಗುತ್ತದೆ. ಸಂಬಳಸಹಿತ ರಜೆಗಳನ್ನು ಕಳೆದಾಗ 124 ಆಗುತ್ತದೆ. ಬಿಲ್ಲಿಗೆ ಬಾರದ ಗಂಟೆಗಳನ್ನು ಕಳೆದಾಗ 191. ಕೊನೆಯ ಹೆಜ್ಜೆಯೊಂದರಲ್ಲೇ 67 ರೂಪಾಯಿ ಕೂಡಿತು. ಭವಿಷ್ಯ ನಿಧಿ ಮತ್ತು ರಾಜ್ಯ ವಿಮೆ ಎರಡೂ ಸೇರಿ ಗಂಟೆಗೆ ಆಗುವುದು 21 ರೂಪಾಯಿಗಿಂತ ಕಡಿಮೆ. ಸಣ್ಣ ಉದ್ಯಮಿಗಳ ಸಭೆಗಳಲ್ಲಿ ವಂತಿಗೆಗಳ ಹೊರೆಯ ಮಾತು ಕೇಳಿಬರುವಷ್ಟು ಗೇಟ್ ಪಾಸಿನ ಮಾತು ಕೇಳಿಬರುವುದಿಲ್ಲ. ಅಂಕಿಗಳು ಬೇರೆಯದನ್ನೇ ತೋರಿಸುತ್ತವೆ.

ಒಂದು ಬಿಲ್ಲಿನ ಪರಿಶೀಲನೆ

191 ರೂಪಾಯಿ ಫಿಟ್ಟರಿನ ಕೂಲಿಯ ವೆಚ್ಚ ಮಾತ್ರ. ಕಾರ್ಯಾಗಾರದ ಬಾಡಿಗೆ, ವಿದ್ಯುತ್ತು, ಉಪಕರಣಗಳ ಸವೆತ, ಬಡ್ಡಿ, ಮತ್ತು ಬಿಲ್ಲಿಗೆ ಬಾರದ 10 ಜನರ ಪೂರ್ಣ ವೆಚ್ಚ ಇವೆಲ್ಲ ಬೇರೆ. ಇವುಗಳ ಮೊತ್ತ ವರ್ಷಕ್ಕೆ 48 ಲಕ್ಷ ರೂಪಾಯಿ ಎಂದರೆ, 12 ಫಿಟ್ಟರುಗಳ 17,724 ಗಂಟೆಗಳ ಮೇಲೆ ಹಂಚಿದಾಗ ಗಂಟೆಗೆ 271 ರೂಪಾಯಿ. ಎರಡೂ ಸೇರಿ 462. ಇಷ್ಟು ಬಂದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಶೇಕಡಾ ಹತ್ತರಷ್ಟು ಲಾಭ ಸೇರಿಸಿದರೆ ದರ ಸುಮಾರು 510 ರೂಪಾಯಿ ಆಗುತ್ತದೆ. ದುರಸ್ತಿ ಸೇವೆಯ ಮೇಲಿನ ಶೇಕಡಾ 18ರ ಸರಕು ಮತ್ತು ಸೇವಾ ತೆರಿಗೆಯನ್ನು ಈ ದರದ ಮೇಲೆ ಬೇರೆಯಾಗಿ ತೋರಿಸಬೇಕು. ಅದು ಸರ್ಕಾರಕ್ಕೆ ಸಲ್ಲುವ ಹಣ. ಕಾರ್ಯಾಗಾರದ ಆದಾಯವೆಂದು ಅದನ್ನು ಬಳಸಬಾರದು.

ಈಗ 14 ಗಂಟೆಗಳ ಗೇರ್ ಪೆಟ್ಟಿಗೆಯ ಕೆಲಸವೊಂದನ್ನು ತೆಗೆದುಕೊಳ್ಳೋಣ. ಮಾಲೀಕನು 87ರ ಮೂರರಷ್ಟಕ್ಕಿಂತಲೂ ಹೆಚ್ಚೆಂದು ಸಮಾಧಾನಪಟ್ಟು ಗಂಟೆಗೆ 300 ರೂಪಾಯಿಯಂತೆ 4,200 ರೂಪಾಯಿ ಕೂಲಿಯನ್ನು ಹೇಳಿದನು. ಅವನ ನಿಜವಾದ ವೆಚ್ಚ 6,468 ರೂಪಾಯಿ. ಈ ಕೆಲಸದಲ್ಲಿ 2,268 ರೂಪಾಯಿ ನಷ್ಟವಾಯಿತು. ಆದರೆ ಆ ವಾರ ಅವನಿಗೆ ನಷ್ಟ ಕಾಣುವುದಿಲ್ಲ. ಗಿರಾಕಿ ಹಣ ಕೊಟ್ಟಿರುತ್ತಾನೆ, ತಿಂಗಳ ಸಂಬಳ ಹೇಗೋ ಹೊರಡುತ್ತದೆ. ಬೋನಸ್ಸು ಅಕ್ಟೋಬರಿನಲ್ಲೋ ನವೆಂಬರಿನಲ್ಲೋ ಬರುವಂಥದ್ದು, ಗ್ರಾಚ್ಯುಟಿ ಹಲವು ವರ್ಷಗಳ ನಂತರ ಬರುವಂಥದ್ದು. ಹನ್ನೆರಡು ವರ್ಷ ದುಡಿದ ಒಬ್ಬ ಫಿಟ್ಟರು ಕೆಲಸ ಬಿಡುವ ದಿನ 1,24,620 ರೂಪಾಯಿ ಒಮ್ಮೆಗೇ ಕೊಡಬೇಕಾದಾಗ ಹಿಂದಿನ ಕಡಿಮೆ ದರಗಳ ಕೊರತೆಯೆಲ್ಲ ಒಟ್ಟಾಗಿ ಎದುರಾಗುತ್ತದೆ. ಭವಿಷ್ಯ ನಿಧಿಯ ಚಲನ್ನು ಪ್ರತಿ ತಿಂಗಳೂ ಗಡುವು ದಾಟಿ ಹೋಗುತ್ತಿರುವುದು, ಬಿಡಿಭಾಗಗಳ ವ್ಯಾಪಾರಿಗೆ ಬಾಕಿ ಬೆಳೆಯುತ್ತಿರುವುದು ಇವು ದರ ತಗ್ಗಿರುವುದರ ಮುಂಚಿನ ಲಕ್ಷಣಗಳು.

ಎರಡೆಣಿಕೆಯ ದೋಷ ಗಿರಾಕಿಯ ಕಡೆಗೂ ಅನ್ಯಾಯ ಮಾಡಬಲ್ಲದು. ಮೇಲಿನ 191 ರೂಪಾಯಿಯಲ್ಲಿ ಪ್ರಯಾಣ ಮತ್ತು ಗೇಟಿನಲ್ಲಿ ಕಾಯುವ 16 ಗಂಟೆಗಳ ವೆಚ್ಚವೂ ಅಡಗಿದೆ. ಬಿಲ್ಲಿನಲ್ಲಿ ಪ್ರಯಾಣದ ಕಾಲಕ್ಕೆ ಮತ್ತೆ ಹಣ ಕೇಳಿದರೆ ಒಂದೇ ಗಂಟೆಯನ್ನು ಎರಡು ಸಲ ಮಾರಿದಂತಾಗುತ್ತದೆ. ಪ್ರಯಾಣವನ್ನು ಬೇರೆಯಾಗಿ ಬಿಲ್ಲು ಮಾಡುವುದಾದರೆ ಆ 16 ಗಂಟೆಗಳನ್ನು ಮಾರಿದ ಗಂಟೆಗಳಿಗೆ ಸೇರಿಸಬೇಕು. ಆಗ 192ರಲ್ಲಿ 141 ಗಂಟೆ ಬಿಲ್ಲಿಗೆ ಬಂದಂತಾಗಿ ಕೂಲಿಯ ವೆಚ್ಚ 169 ರೂಪಾಯಿಗೆ ಇಳಿಯುತ್ತದೆ. ಕಾರ್ಯಾಗಾರಕ್ಕೇ ಯಂತ್ರವನ್ನು ತಂದುಕೊಡುವ ಗಿರಾಕಿಗಳು ಹೆಚ್ಚಾಗಿರುವಲ್ಲಿ ಈ ಎರಡನೆಯ ಕ್ರಮವೇ ಮೇಲು. ಚಾಕಣದ ಕಾರ್ಖಾನೆಯ ಗೇಟಿನಲ್ಲಿ ಕಳೆದ ಗಂಟೆಗೆ ಭೋಸರಿಯ ಪಕ್ಕದ ಮನೆಯವನು ಹಣ ಕೊಡಬೇಕಾದ ಕಾರಣವಿಲ್ಲ.

ಹೆಚ್ಚುವರಿ ದುಡಿಮೆಯ ಲೆಕ್ಕವು ಸ್ವಲ್ಪ ವಿಚಿತ್ರವಾಗಿದೆ. ಪಿಂಪ್ರಿ-ಚಿಂಚವಾಡ ಪ್ರದೇಶದ ಅನೇಕ ಕಾರ್ಖಾನೆಗಳಿಗೆ ಗುರುವಾರ ವಾರದ ರಜೆ. ಯಂತ್ರ ನಿಂತಿರುವ ಆ ದಿನವೇ ದುರಸ್ತಿಗೆ ಕರೆ ಬರುತ್ತದೆ, ಕೆಲಸ ರಾತ್ರಿಯವರೆಗೂ ನಡೆಯುತ್ತದೆ. ಹೆಚ್ಚುವರಿ ಗಂಟೆಗೆ ಎರಡರಷ್ಟು ವೇತನ, ಎಂದರೆ 173 ರೂಪಾಯಿ ಕೊಡಬೇಕು. ಇದು ಬಹಳ ದುಬಾರಿಯೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಆ ಗಂಟೆಗಳಿಗೆ ರಜೆಯಾಗಲಿ ಹೆಚ್ಚುವರಿ ಗ್ರಾಚ್ಯುಟಿಯಾಗಲಿ ಸೇರುವುದಿಲ್ಲ; ಕೆಲಸ ಕೈಯಲ್ಲಿದ್ದಾಗಲೇ ನಿಲ್ಲಿಸಿಕೊಂಡಿರುವುದರಿಂದ ಅವುಗಳಲ್ಲಿ ಬಹುಭಾಗ ಬಿಲ್ಲಿಗೂ ಬರುತ್ತದೆ. ಶೇಕಡಾ 90ರಷ್ಟು ಬಿಲ್ಲಿಗೆ ಬಂದರೆ ವೆಚ್ಚ ಗಂಟೆಗೆ 192 ರೂಪಾಯಿ, ಹಗಲಿನ ಗಂಟೆಯ ವೆಚ್ಚಕ್ಕೆ ಸರಿಸಮ. ಆದುದರಿಂದ ರಾತ್ರಿಯ ಕೆಲಸಕ್ಕೆ ಹಗಲಿನ ದರದ ಎರಡರಷ್ಟನ್ನು ಕೇಳುವುದಕ್ಕೆ ವೆಚ್ಚದ ಆಧಾರವಿಲ್ಲ. ತುರ್ತು ಸೇವೆಗೆ ಹೆಚ್ಚು ಹಣ ಕೇಳುವುದು ಬೇರೆ ವಿಷಯ. ಅದನ್ನು ತುರ್ತು ಶುಲ್ಕವೆಂದೇ ಬರೆಯುವುದು ಒಳ್ಳೆಯದು.

ದರವನ್ನು ಇಳಿಸಲು ದಾರಿಯುಂಟೆ ಎಂದು ಕೇಳಬಹುದು. ಬಿಲ್ಲಿಗೆ ಬರುವ ಪ್ರಮಾಣ ಶೇಕಡಾ 65ರಿಂದ 70ಕ್ಕೆ ಏರಿದರೆ ಕೂಲಿಯ ವೆಚ್ಚ 191ರಿಂದ 178ಕ್ಕೆ ಇಳಿಯುತ್ತದೆ. ಕಾರ್ಯಾಗಾರದ ಇತರ ವೆಚ್ಚವೂ ಹೆಚ್ಚು ಗಂಟೆಗಳ ಮೇಲೆ ಹಂಚಿಹೋಗುವುದರಿಂದ ಒಟ್ಟು 462 ರೂಪಾಯಿ ಸುಮಾರು 429 ಆಗುತ್ತದೆ. ಇದಕ್ಕೆ ಬೇಕಾದುದು ಒಬ್ಬ ಫಿಟ್ಟರಿನಿಂದ ದಿನಕ್ಕೆ 24 ನಿಮಿಷ. ಹೆಚ್ಚಾಗಿ ಖರ್ಚಾಗುವ ಬೇರಿಂಗು ಮತ್ತು ಸೀಲುಗಳನ್ನು ಉಗ್ರಾಣದಲ್ಲಿ ಇಡುವುದು, ಗೇಟ್ ಪಾಸನ್ನು ಹಿಂದಿನ ದಿನವೇ ಮಾಡಿಸುವುದು ಇವುಗಳಿಂದ ಅಷ್ಟು ಸಮಯ ಉಳಿಯಬಹುದು. ಚಹದ ವಿರಾಮವನ್ನು ಕತ್ತರಿಸಲು ಹೊರಡುವುದು ಸಲ್ಲದು. ದಿನವಿಡೀ ಸ್ಪ್ಯಾನರ್ ಹಿಡಿದ ಕೈಗೆ ಅದು ಬೇಕು, ಅದರಿಂದ ಉಳಿಯುವ ನಿಮಿಷಗಳು ಮರಳಿ ಬಂದ ಕೆಲಸಗಳ ರೂಪದಲ್ಲಿ ಹೊರಟುಹೋಗುತ್ತವೆ. ಉಳಿಸಿದ ಸಮಯಕ್ಕೆ ತಕ್ಕಷ್ಟು ಕೆಲಸ ಕಾರ್ಯಾಗಾರಕ್ಕೆ ಬರುತ್ತಿರಬೇಕು ಎಂಬುದು ಈ ಲೆಕ್ಕದ ಮಿತಿ. ಕೆಲಸವಿಲ್ಲದಿದ್ದರೆ ಕಾಯುವ ಗಂಟೆ ಕುಳಿತ ಗಂಟೆಯಾಗುತ್ತದೆ, ಅಷ್ಟೆ.

ಇಪ್ಪತ್ತಕ್ಕಿಂತ ಕಡಿಮೆ ಜನರಿರುವ ಕಾರ್ಯಾಗಾರಕ್ಕೆ ಭವಿಷ್ಯ ನಿಧಿಯ ಕಡ್ಡಾಯವಿಲ್ಲ. ಸಾಮಾನ್ಯವಾಗಿ ಹತ್ತಕ್ಕಿಂತ ಕಡಿಮೆ ಇದ್ದಲ್ಲಿ ರಾಜ್ಯ ವಿಮೆಯೂ ಇಲ್ಲ. ಅಂತಹ ಪಕ್ಕದ ಕಾರ್ಯಾಗಾರವು ತನ್ನ ದರವನ್ನು ಇದರಿಂದಾಗಿ ಗಂಟೆಗೆ ಸುಮಾರು 21 ರೂಪಾಯಿ ಇಳಿಸಬಲ್ಲದು. ಅದಕ್ಕಿಂತ ಬಹಳ ಕಡಿಮೆ ದರ ಹೇಳುತ್ತಿದ್ದರೆ ಅಲ್ಲಿ ಜಾಬ್ ಕಾರ್ಡ್ ಇಲ್ಲವೆಂದೋ, ಮಾಲೀಕನು ತನ್ನ ದುಡಿಮೆಯ ಬೆಲೆಯನ್ನು ಎಣಿಸಿಲ್ಲವೆಂದೋ ತಿಳಿಯಬಹುದು. ಆ ದರದೊಡನೆ ಪೈಪೋಟಿಗೆ ಇಳಿಯುವ ಮೊದಲು ತನ್ನ ಲೆಕ್ಕವನ್ನು ಇನ್ನೊಮ್ಮೆ ನೋಡುವುದು ಲೇಸು.

ಒಮ್ಮೆ ಕಂಡುಹಿಡಿದ ದರ ವರ್ಷಗಟ್ಟಲೆ ನಿಲ್ಲುವಂಥದ್ದಲ್ಲ. ಮಹಾರಾಷ್ಟ್ರದಲ್ಲಿ ಕನಿಷ್ಠ ವೇತನಕ್ಕೆ ಸೇರುವ ವಿಶೇಷ ಭತ್ಯೆಯು ಜನವರಿ ಮತ್ತು ಜುಲೈ ತಿಂಗಳುಗಳಿಂದ ಅನ್ವಯಿಸುವಂತೆ ಪರಿಷ್ಕೃತವಾಗುತ್ತದೆ. ದರವನ್ನೂ ಆಗಲೇ ತಿದ್ದಿಕೊಳ್ಳುವುದು ಅನುಕೂಲ. ಸಂಬಳ ಏರಿಸಿದ ವರ್ಷ ಗ್ರಾಚ್ಯುಟಿಯನ್ನು ವಿಶೇಷವಾಗಿ ಗಮನಿಸಬೇಕು. ಅದನ್ನು ಕೊನೆಯ ವೇತನದ ಮೇಲೆ ಲೆಕ್ಕ ಹಾಕುವುದರಿಂದ ಏರಿಕೆಯು ಹಿಂದಿನ ವರ್ಷಗಳಿಗೂ ತಟ್ಟುತ್ತದೆ. ಹನ್ನೊಂದು ವರ್ಷ ಸೇವೆ ಸಲ್ಲಿಸಿದ ಫಿಟ್ಟರಿಗೆ 18,000ದಿಂದ 20,000ಕ್ಕೆ ಸಂಬಳ ಏರಿಸಿದರೆ ಆ ವರ್ಷದ ಪಾಲು 11,538 ರೂಪಾಯಿ ಆಗುವುದಲ್ಲದೆ, ಕಳೆದ ಹನ್ನೊಂದು ವರ್ಷಗಳಿಗಾಗಿ ಇನ್ನೂ 12,692 ರೂಪಾಯಿಯನ್ನು ತೆಗೆದಿಡಬೇಕಾಗುತ್ತದೆ. ಈ ಎರಡನೆಯ ಮೊತ್ತವನ್ನು ಆ ಒಂದು ವರ್ಷದ ಗಿರಾಕಿಗಳ ಮೇಲೆಯೇ ಹೊರಿಸಿದರೆ ದರ ಹಠಾತ್ತನೆ ಏರುತ್ತದೆ. ಎರಡು ಮೂರು ವರ್ಷಗಳಲ್ಲಿ ಹಂಚಿ, ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲೋ ಜೀವವಿಮಾ ನಿಗಮದ ಗುಂಪು ಗ್ರಾಚ್ಯುಟಿ ಯೋಜನೆಯಲ್ಲೋ ಕಟ್ಟುತ್ತಾ ಹೋಗುವುದು ರೂಢಿಯಲ್ಲಿರುವ ಕ್ರಮ.